ಬೇಸಿನ್ ಬರುವ ಜಾಗದ ಬ್ಲಾಕನ್ನು ತುಂಬಿಸಿ

ರಾಯಕೋಟೆ ಸುತ್ತಮುತ್ತ ಮನೆ ಕಟ್ಟಿಸುತ್ತಿರುವವರಲ್ಲಿ, ಮೇಸ್ತ್ರಿಗಳಲ್ಲಿ, ಪ್ಲಂಬರ್‌ಗಳಲ್ಲಿ ಒಂದು ಮನವಿ.

ಹೊಸೂರಿನ ಕಾರ್ಖಾನೆಗಳಿಗೆ ಹೋಗಿಬರುವವರಿಗೆಂದು ಕಟ್ಟುವ ಬಾಡಿಗೆ ಮನೆಗಳಲ್ಲಿ ಎಷ್ಟೋ ಒಳಗೋಡೆಗಳು 4 ಇಲ್ಲವೇ 6 ಇಂಚಿನ ಹಾಲೋ ಬ್ಲಾಕಿನವು. ಆ ಬ್ಲಾಕಿನ ಹೊರಪದರದ ದಪ್ಪ ಹೆಚ್ಚುಕಡಿಮೆ 1 ಇಂಚು, ಅದರಾಚೆ ಟೊಳ್ಳು. ಡ್ರಿಲ್ ಒಂದು ಇಂಚು ಹೋಗಿ ಸರಕ್ಕನೆ ಒಳನುಗ್ಗಿದರೆ, ಅಲ್ಲಿ ಪ್ಲಾಸ್ಟಿಕ್ ಪ್ಲಗ್ಗಿಗೆ ಕಚ್ಚಿಕೊಳ್ಳಲು ಏನೂ ಇಲ್ಲವೆಂದೇ ಅರ್ಥ. ಹ್ಯಾಮರ್ ಇಟ್ಟು ಕೊರೆದರಂತೂ ಪದರದ ಒಳಮೈ ಚಕ್ಕೆಯೆದ್ದು, ಇದ್ದ ಹಿಡಿತವೂ ಹೋಗುತ್ತದೆ.

ಬೇಸಿನ್ ಭಾರ 12 ಕಿಲೋ ತಾನೇ ಎನ್ನಬೇಡಿ. ಮುಖ ತೊಳೆಯುವಾಗ ವಯಸ್ಸಾದವರು ಅಂಚಿಗೆ ಕೈಯೂರುತ್ತಾರೆ, ಮಕ್ಕಳು ಜೋತುಬೀಳುತ್ತಾರೆ. ಗೋಡೆಯಿಂದ 40 ಸೆಂ.ಮೀ. ಮುಂದಿರುವ ಅಂಚಿನ ಮೇಲೆ 60 ಕಿಲೋ ಬಿತ್ತೆನ್ನಿ. ಬೇಸಿನ್ನಿನ ಹಿಂಬದಿಯ ಎರಡು ಬೋಲ್ಟ್‌ಗಳು ಅದರ ಕೆಳಅಂಚಿಗಿಂತ 12 ಸೆಂ.ಮೀ. ಮೇಲಿದ್ದರೆ, ಬೇಸಿನ್ನಿನ ಭಾರವೂ ಸೇರಿ ಒಂದೊಂದು ಬೋಲ್ಟನ್ನೂ ಸುಮಾರು 110 ಕಿಲೋ ಬಲ ಗೋಡೆಯಿಂದ ಹೊರಕ್ಕೆಳೆಯುತ್ತದೆ. ಗೋಡೆಗಂಟುವ ಕಾಲು 25 ಸೆಂ.ಮೀ. ಉದ್ದವಿರುವ ಕಬ್ಬಿಣದ ಬ್ರಾಕೆಟ್ ಜೋಡಿ ಹಾಕಿದರೆ ಅದೇ ಎಳೆತ ಬ್ರಾಕೆಟ್ಟಿಗೆ 53 ಕಿಲೋದಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಬ್ರಾಕೆಟ್ ಕೊಳ್ಳುವಾಗ ಕಾಲಿನ ಉದ್ದ ನೋಡಿ. ಯುರೋಪಿನ ಇಎನ್ 14688 ಮಾನಕ ಗೋಡೆಗೆ ತೂಗುವ ಬೇಸಿನ್ನನ್ನು ಸುಮಾರು 150 ಕಿಲೋ ಹೇರಿ ಪರೀಕ್ಷಿಸುತ್ತದೆ. ಗೋಡೆಯೂ ಅಷ್ಟನ್ನು ತಾಳಬೇಡವೇ?

ನಮ್ಮ ಬೇಡಿಕೆ ಇಷ್ಟೇ. ಗೋಡೆ ಏಳುವಾಗಲೇ ಬೇಸಿನ್ ಎಲ್ಲಿ ಎಂದು ಗುರುತು ಹಾಕಿ. ಟೈಲ್ಸ್ ಮುಗಿದ ನೆಲದಿಂದ ಲೆಕ್ಕ ಹಿಡಿದು 50ರಿಂದ 85 ಸೆಂ.ಮೀ. ನಡುವೆ ಬರುವ ವರಸೆಗಳಲ್ಲಿ, ಬೇಸಿನ್ನಿನ ಅಗಲಕ್ಕೂ ಆಚೀಚೆ ತುಸು ಹೆಚ್ಚಿಗೂ, ಬ್ಲಾಕಿನ ಟೊಳ್ಳಿಗೆ ಸಣ್ಣ ಜಲ್ಲಿಯ 1:2:4 ಕಾಂಕ್ರೀಟ್ ತುಂಬಿ, ಸರಳಿನಿಂದ ಕುಕ್ಕಿ. ಒಂದು ವಾರ ನೀರು ಹಾಕಿದ ಮೇಲಷ್ಟೇ ಕೊರೆಯಿರಿ. ಇದಕ್ಕೆ ಬೇಕಾಗುವುದು ಕೆಲವು ಬಾಂಡ್ಲಿ ಕಾಂಕ್ರೀಟ್.

ಗೋಡೆ ಆಗಲೇ ಮುಗಿದಿದ್ದರೆ, ಬ್ರಾಕೆಟ್ ಬರುವಲ್ಲಿ ಮುಂಪದರ ಒಡೆದು ಹಾಗೆಯೇ ತುಂಬಿಸಿ. ಇಲ್ಲವೇ ಬೋಲ್ಟನ್ನು ಗೋಡೆಯ ಆಚೆ ಬದಿಗೆ ದಾಟಿಸಿ, ಅಂಗೈಯಗಲದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಬಿಗಿಯಿರಿ. ಜಿಪ್ಸಂ ಅಥವಾ ಸಿಮೆಂಟ್ ಬೋರ್ಡಿನ ಗೋಡೆಯಾದರೆ ಬೋರ್ಡಿಗೆ ಯಾವ ಭಾರವನ್ನೂ ಹೊರಿಸಬೇಡಿ. ಬೋರ್ಡ್ ಮುಚ್ಚುವ ಮೊದಲೇ ಹಿಂದೆ ನೆಲದವರೆಗೆ ಇಳಿಯುವ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಬ್ರಾಕೆಟ್ಟನ್ನು ಅದಕ್ಕೇ ಬಿಗಿಯಿರಿ.

ಬಾಡಿಗೆಗೆ ಇರುವವರೇ, ಬೇಸಿನ್ ಮತ್ತು ಗೋಡೆಯ ನಡುವಿನ ಬಿಳಿ ಸಿಮೆಂಟ್ ಬಿರುಕುಬಿಟ್ಟಿದೆಯೇ, ಮುಂಅಂಚು ವಾಲಿದೆಯೇ, ಬೋಲ್ಟಿನ ಸುತ್ತ ತುಕ್ಕಿನ ನೀರು ಇಳಿದಿದೆಯೇ ಇಂದೇ ನೋಡಿ. ಕಂಡರೆ ಬಳಕೆ ನಿಲ್ಲಿಸಿ ಮಾಲೀಕರಿಗೆ ತಿಳಿಸಿ. ಒಡೆದ ಪಿಂಗಾಣಿಯ ಅಂಚು ಚಾಕುವಿನಷ್ಟೇ ಹರಿತ. ಮಾಲೀಕರೇ, ಅಂಥ ಮಾತು ಬಂದಾಗ ಬರೀ ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಬೇಸಿನ್ ಇಳಿಸಿ, ಗೋಡೆ ತುಂಬಿಸಿ, ಮತ್ತೆ ಕೂರಿಸಿ.