ಮಾವನ ಕಾಗದ ಮತ್ತು ಒಂದು ಕಿಲೋ ಗೇರುಬೀಜ

ದಾರ್ ಎಸ್ ಸಲಾಮ್‌ನಿಂದ ಸೋದರಮಾವನ ಕಾಗದ ಬಂತು. ಅಳಿಯಕಟ್ಟಿನ ಕುಟುಂಬ ನಮ್ಮದು. ಆ ಕಟ್ಟು ಆಸ್ತಿಯ ಮಟ್ಟಿಗೆ ಸಡಿಲವಾಗಿದ್ದರೂ ಬುದ್ಧಿವಾದದ ಮಟ್ಟಿಗೆ ಇನ್ನೂ ಗಟ್ಟಿಯಾಗಿಯೇ ಇದೆ. ಮಣಿಪಾಲದಲ್ಲಿ ಓದಿ ಸುಮ್ಮನೆ ಕೂತ ಅಳಿಯನಿಗೆ ಮಾವ ಮೂರು ದಾರಿ ತೋರಿಸಿದ್ದರು: ಮಟ್ಟುಗುಳ್ಳ ಕಳಿಸು, ಶಂಕರಪುರದ ಮಲ್ಲಿಗೆ ಕಳಿಸು, ಇಲ್ಲವೇ ಇಲ್ಲಿಯ ಗೇರುಬೀಜ ತರಿಸಿ ತಿರುಳು ಮಾರು. ‘ಇಲ್ಲಿ ನಾನಿದ್ದೇನಲ್ಲ’ ಎಂಬುದು ಕಾಗದದ ಕೊನೆಯ ಸಾಲು.

ಪರದೇಶದಲ್ಲಿ ನಮ್ಮವರೊಬ್ಬರಿದ್ದರೆ ವ್ಯಾಪಾರ ಆದಂತೆಯೇ? ಕಾಪು ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಊಟದ ಎಲೆಯ ಮುಂದೆ ಎದ್ದು, ಕೈ ತೊಳೆಯುವಷ್ಟರಲ್ಲಿ ಮುಗಿಯುತ್ತದೆ. ನಾನು ಸ್ವಲ್ಪ ಮುಂದೆ ಹೋಗಿ ನೋಡಿದೆ.

ಗುಳ್ಳ, ಮಲ್ಲಿಗೆಗಳನ್ನು ಬೇಗ ಬದಿಗಿಟ್ಟೆ. ಮಲ್ಲಿಗೆಯನ್ನು ಬೆಳಿಗ್ಗೆ ಮೊಗ್ಗಾಗಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಅಂದಿನ ದರಕ್ಕೆ ಮಾರುತ್ತಾರೆ. ರಾತ್ರಿಗೆ ಅರಳುವ ಹೂವದು. ವಿಮಾನ ತಡವಾದರೆ ಅರಳಿದ ಹೂವಿನ ನಷ್ಟ ಯಾರ ತಲೆಗೆ ಎಂಬುದನ್ನು ಮಾವ ಬರೆದಿರಲಿಲ್ಲ. ಅಲ್ಲಿರುವ ನಮ್ಮವರಿಗೆ ಮುಡಿಯುವ ಆಸೆ ಇದ್ದೀತು. ಆದರೆ ಊರಿನ ನೆನಪು ದಿನಾ ಹಣ ಕೊಡುವ ಗಿರಾಕಿಯಲ್ಲ.

ಗೇರುಬೀಜದ ಮಾತು ಬೇರೆ. ಕಾರ್ಕಳ, ಕುಂದಾಪುರದ ಸುತ್ತ ಕಾರ್ಖಾನೆಗಳಿವೆ. ನಮ್ಮ ಬೆಳೆ ಬೇಸಗೆಯ ಎರಡು ಮೂರು ತಿಂಗಳಿಗೆ ಮುಗಿಯುತ್ತದೆ, ಕಾರ್ಖಾನೆಗೆ ವರ್ಷವಿಡೀ ಬೀಜ ಬೇಕು. ತಾಂಜಾನಿಯಾದ ದಕ್ಷಿಣದ ಮ್ತ್ವಾರಾ, ಲಿಂಡಿ ಕಡೆಯ ಕೊಯ್ಲು ಅಕ್ಟೋಬರಿನ ಹೊತ್ತಿಗೆ, ಅಂದರೆ ನಮ್ಮಲ್ಲಿ ಗೋದಾಮು ಬರಿದಾಗುವ ಕಾಲಕ್ಕೆ, ಶುರುವಾಗುತ್ತದೆ. ಮಾವನ ಲೆಕ್ಕ ಇಲ್ಲಿಯವರೆಗೆ ಸರಿ.

ಕಾಗದ ಹಿಡಿದುಕೊಂಡು ಕಾರ್ಕಳದ ಒಂದು ಕಾರ್ಖಾನೆಯ ಹಳೇ ಮೇಸ್ತ್ರಿಯ ಬಳಿ ಹೋದೆ. ‘ಮಾವ ರೇಟು ಬರೆದಿದ್ದಾರೆ, ಔಟ್‌ಟರ್ನ್ ಬರೆದಿಲ್ಲವಲ್ಲ ಮಾರಾಯ್ರೆ’ ಎಂದರು. 80 ಕಿಲೋ ಬೀಜಕ್ಕೆ ಎಷ್ಟು ಪೌಂಡ್ ತಿರುಳು ಎಂಬ ಸಂಖ್ಯೆಯೇ ಔಟ್‌ಟರ್ನ್. ಕಚ್ಚಾ ಬೀಜದ ಬೆಲೆ ನಿಲ್ಲುವುದು ಅದರ ಮೇಲೆ.

ಅವರು ಅದನ್ನು ಮಾಡಿಯೇ ತೋರಿಸಿದರು. ಮೇಲಿನ ಒಂದೇ ಚೀಲದಿಂದ ಮಾದರಿ ತೆಗೆಯಬಾರದು. ಹತ್ತಾರು ಚೀಲಗಳಿಂದ ಹಿಡಿ ಹಿಡಿ ತೆಗೆದು, ಬೆರೆಸಿ, ಅದರಿಂದ ಒಂದು ಕಿಲೋ ತೂಗಬೇಕು. ಮೊದಲು ಬೀಜ ಎಣಿಸಬೇಕು; ಎಣಿಕೆ ಹೆಚ್ಚಿದಷ್ಟೂ ಬೀಜ ಸಣ್ಣ. ಆಮೇಲೆ ಒಂದೊಂದನ್ನೇ ಉದ್ದಕ್ಕೆ ಸೀಳಿ ವಿಂಗಡಿಸಬೇಕು. ಚೆನ್ನಾದ ತಿರುಳಿಗೆ ಪೂರ್ತಿ ತೂಕ, ಚುಕ್ಕೆ ಬಿದ್ದದ್ದಕ್ಕೆ ಅರ್ಧ. ಪೊಳ್ಳು, ಕೊಳೆತದ್ದು, ಹುಳು ತಿಂದದ್ದು ಸೊನ್ನೆ. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆಂದು ಮೇಸ್ತ್ರಿ ಬೂದಿ ಸವರಿಕೊಂಡೇ ಕೂತಿದ್ದರು.

ಒಂದು ಕಿಲೋದಲ್ಲಿ ಒಳಸಿಪ್ಪೆ ಸಮೇತ 272 ಗ್ರಾಂ ತಿರುಳು ಬಂದರೆ ಔಟ್‌ಟರ್ನ್ 48. 255 ಗ್ರಾಂ ಬಂದರೆ 45. ಹದಿನೇಳು ಗ್ರಾಂ, ಒಂದು ಚಮಚದಷ್ಟು ವ್ಯತ್ಯಾಸ. ಆದರೆ 16 ಟನ್ನಿನ ಒಂದು ಕಂಟೇನರಿಗೆ ಅದು 272 ಕಿಲೋ ಆಗುತ್ತದೆ. ತಿರುಳು ತುಂಬುವ 11.34 ಕಿಲೋದ ಡಬ್ಬಿಯಲ್ಲಿ ಅಳೆದರೆ 24 ಡಬ್ಬಿ. ಬೀಜಕ್ಕೆ, ಹಡಗಿಗೆ, ಕೂಲಿಗೆ ಪೂರ್ತಿ ಹಣ ಕೊಟ್ಟೂ ಕೈಗೆ ಬಾರದ ಡಬ್ಬಿಗಳವು.

ತೇವದ್ದು ಇನ್ನೊಂದು ಕಾಟ. ತೇವ ಶೇಕಡಾ ಹತ್ತು ದಾಟಿದ ಬೀಜವನ್ನು ಮುಚ್ಚಿದ ಕಂಟೇನರಿನಲ್ಲಿ ಕಡಲಿಗೆ ಕಳಿಸಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಇಂತಿಷ್ಟು ಔಟ್‌ಟರ್ನ್‌ಗಿಂತ ಕಡಿಮೆಯಾದರೆ ಬೆಲೆ ಇಳಿಸಬೇಕು, ಇನ್ನೂ ಇಳಿದರೆ ಮಾಲು ತಿರಸ್ಕರಿಸಬಹುದು ಎಂದು ಕರಾರಿನಲ್ಲಿ ಬರೆಸಿಕೊಳ್ಳಬಹುದು, ನಿಜ. ಆದರೆ ಮಾಲು ನವ ಮಂಗಳೂರು ಬಂದರಿಗೆ ಬಂದಿಳಿದ ಮೇಲೆ, ಹಣದ ಬಹುಭಾಗ ಬ್ಯಾಂಕಿನ ಮೂಲಕ ಹೋದ ಮೇಲೆ, ತಿರಸ್ಕರಿಸುವ ಹಕ್ಕು ಕಾಗದದ ಮೇಲಷ್ಟೇ ಜೋರು.

ಹಾಗಾಗಿ ‘ನಾನಿದ್ದೇನಲ್ಲ’ ಎಂಬ ಮಾತಿನಲ್ಲಿ ನನಗೆ ಅರ್ಧವೇ ನಂಬಿಕೆ. ನೆಂಟ ನನ್ನ ಹಣ ಹೊಡೆಯುವುದಿಲ್ಲ, ಸರಿ. ಆದರೆ ಚೀಲದೊಳಗಿನ ಪೊಳ್ಳು ಬೀಜಕ್ಕೆ ನೆಂಟಸ್ತಿಕೆ ಗೊತ್ತಿಲ್ಲ. ಆಮದಿನಲ್ಲಿ ನಮ್ಮವರ ಬೆಲೆ ಇರುವುದು ಅವರು ಯಾವ ದೇಶದಲ್ಲಿದ್ದಾರೆ ಎಂಬುದರಲ್ಲಲ್ಲ, ಕಂಟೇನರಿನ ಬಾಗಿಲು ಹಾಕುವ ದಿನ ಅವರು ಎಲ್ಲಿ ನಿಂತಿರುತ್ತಾರೆ ಎಂಬುದರಲ್ಲಿ. ಮಾವ ಇರುವ ಊರಿನಿಂದ ಮ್ತ್ವಾರಾ ಐನೂರು ಕಿಲೋಮೀಟರಿಗೂ ದೂರ. ಅಲ್ಲಿಗೆ ಹೋಗದ ಮಾವನೂ ಉಡುಪಿಯಲ್ಲಿ ಕೂತ ನಾನೂ ಈ ವಿಷಯದಲ್ಲಿ ಸಮಾನ ಕುರುಡರು.

ಆಮದು ರಫ್ತಿಗೆ ಬೇಕಾದ ಐಇಸಿ ಸಂಖ್ಯೆಗೆ ಅರ್ಜಿ ಹಾಕುವುದು ದೊಡ್ಡ ಕೆಲಸವಲ್ಲ. ಆದರೂ ಅದನ್ನು ಆಮೇಲೆ ನೋಡೋಣವೆಂದು ಬಿಟ್ಟೆ. ಮಾವನಿಗೆ ಉತ್ತರ ಬರೆದೆ: ‘ಕೊಯ್ಲಿನ ಹೊತ್ತಿಗೆ ಒಮ್ಮೆ ಮ್ತ್ವಾರಾಕ್ಕೆ ಹೋಗಿ. ಗೋದಾಮಿನ ಇಪ್ಪತ್ತು ಚೀಲಗಳಿಂದ ಬೆರೆಸಿದ ಒಂದು ಕಿಲೋ ನಿಮ್ಮ ಕಣ್ಣೆದುರೇ ಸೀಳಿಸಿ, ತಿರುಳಿನ ತೂಕ ಗ್ರಾಂನಲ್ಲಿ ಬರೆದು ಕಳಿಸಿ. ರೇಟು ಆಮೇಲೆ ಕೇಳುತ್ತೇನೆ. ಕೈಗೆ ಬೂದಿ ಹಚ್ಚಿಕೊಳ್ಳುವುದು ಮರೆಯಬೇಡಿ.’