ಬೈಗುಳಕ್ಕೆ ಬಣ್ಣ ಹಚ್ಚಬೇಡಿ, ಬಣ್ಣ ತೊಳೆಯಲೂಬೇಡಿ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಬಹಳಷ್ಟು ಹಳ್ಳಿಗಳಲ್ಲಿ ಮನೆಮಾತು ತೆಲುಗು. ಜಗಳ ಆಗುವುದು ತೆಲುಗಿನಲ್ಲಿ, ಠಾಣೆಯಲ್ಲಿ ಅದು ದಾಖಲಾಗುವುದು ಕನ್ನಡದಲ್ಲಿ. ಈ ದಾರಿಯಲ್ಲಿ ಬೈಗುಳಕ್ಕೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಹೊಲಗಳ ನಡುವಿನ ಬದುವಿನ ಜಗಳ. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಸಾಕ್ಷಿ. ಅವರಿಗೆ ಕನ್ನಡ ಅಷ್ಟಾಗಿ ಬಾರದು, ರೈಟರ್‌ಗೆ ತೆಲುಗು ಅರ್ಧಂಬರ್ಧ. ಸುದ್ದಿಗೆಂದು ಹೋಗಿದ್ದ ನನ್ನನ್ನೇ ಕೂರಿಸಿ, "ಅಜ್ಜಿ ಏನಂತಾರೆ ಹೇಳಪ್ಪ" ಅಂದರು. ಅಜ್ಜಿ ಹೇಳಿದ್ದು ಎರಡೇ ಮಾತು. ಆತ ಸನಿಕೆ ಹಿಡಿದು ನಿಂತು, "ದೊಂಗ ನಾ ಕೊಡಕಾ, ನೀ ಅಂತು ಚೂಸ್ತಾ" ಅಂದ.

ನಾನು ಅರ್ಥ ಹೇಳುವ ಹೊತ್ತಿಗೆ ರೈಟರ್ ಬರೆದಾಗಿತ್ತು: "ಸೂಳೆ ಮಗನೇ ಎಂದು ಅವಾಚ್ಯ ಶಬ್ದಗಳಿಂದ ಬೈದು, ನಿನ್ನನ್ನು ಕೊಲೆ ಮಾಡುತ್ತೇನೆ ಎಂದು ಜೀವ ಬೆದರಿಕೆ ಹಾಕಿದನು."

"ನಾ ಕೊಡಕಾ" ಅಂದರೆ ಅಕ್ಷರಶಃ "ನನ್ನ ಮಗನೇ". ಕನ್ನಡದಲ್ಲೂ ನಾವು "ಕಳ್ ನನ್ಮಗನೇ" ಅಂತಲೇ ಬೈಯುತ್ತೇವೆ. ಬೈಗುಳ ಅದೇ, ಬಿಸಿಯೂ ಅಷ್ಟೇ. "ಸೂಳೆ ಮಗನೇ" ಅಂದರೆ ಒಂದು ಮೆಟ್ಟಿಲು ಮೇಲೆ. ತೆಲುಗಿನಲ್ಲಿ ಅದಕ್ಕೆ ಬೇರೆ ಮಾತೇ ಇದೆ, ಆತ ಅದನ್ನು ಆಡಿರಲಿಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. "ನೀ ಅಂತು ಚೂಸ್ತಾ" ಅಂದರೆ ಪದಕ್ಕೆ ಪದ "ನಿನ್ನ ಕೊನೆ ನೋಡ್ತೀನಿ". ಆದರೆ ಜನ ಅದನ್ನು "ನಿನಗೊಂದು ಗತಿ ಕಾಣಿಸ್ತೀನಿ" ಅನ್ನುವ ಹಾಗೂ ಆಡುತ್ತಾರೆ, ಕೇಸು ಹಾಕಿಸ್ತೀನಿ ಅನ್ನುವುದಕ್ಕೂ ಆಡುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಸಾಮಾನ್ಯ ಬೆದರಿಕೆಗೆ 2 ವರ್ಷದವರೆಗೆ ಶಿಕ್ಷೆ, ಕೊಲ್ಲುವ ಬೆದರಿಕೆಗೆ 7 ವರ್ಷದವರೆಗೆ. ಆ 5 ವರ್ಷದ ಅಂತರ ಅಜ್ಜಿಯ ಬಾಯಿಂದ ಬಂದದ್ದಲ್ಲ, ರೈಟರ್ ಪೆನ್ನಿನಿಂದ ಬಂದದ್ದು.

ಹೀಗೆ ಬಿಸಿ ಏರಿಸಿದರೆ ದೂರುದಾರನಿಗೆ ಲಾಭ ಅಂದುಕೊಳ್ಳಬೇಡಿ. ನಾಳೆ ಕೋರ್ಟಿನಲ್ಲಿ ಅಜ್ಜಿ ತಾನು ಕೇಳಿದ್ದನ್ನೇ ಹೇಳುತ್ತಾರೆ. ಎದುರು ವಕೀಲರು ಹೇಳಿಕೆ ತೋರಿಸಿ, "ಪೊಲೀಸರ ಮುಂದೆ ಕೊಲೆ ಅಂದಿದ್ದೀರಿ, ಈಗ ಬೇರೆ ಹೇಳ್ತಿದ್ದೀರಿ" ಅನ್ನುತ್ತಾರೆ. ನಿಜ ಹೇಳಿದ ಅಜ್ಜಿ ಸುಳ್ಳಿಯಾಗುತ್ತಾರೆ, ಕೇಸು ಸಡಿಲವಾಗುತ್ತದೆ.

ಬಿಸಿ ಇಳಿಸುವುದೂ ಇದೆ. ಮುಜುಗರಕ್ಕೋ ಅವಸರಕ್ಕೋ "ಜಾತಿ ಹಿಡಿದು ಬೈದನು" ಅಂತ ಬರೆದು ಮುಗಿಸುತ್ತಾರೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಕೇಳುವುದು ಜಾತಿ ಹೆಸರೆತ್ತಿ, ಜನರ ಕಣ್ಣೆದುರು ಬೈದನೇ ಎಂದು. ಆಡಿದ ಪದವೇ ಹಾಳೆಯಲ್ಲಿ ಇಲ್ಲದಿದ್ದರೆ, ಎದುರಿನವರು ಮೊದಲು ಹಿಡಿಯುವುದು ಆ ಖಾಲಿ ಜಾಗವನ್ನೇ. ಓದಲು ಕಿವಿ ಕೆಂಪಾದರೂ ಪದ ಅಲ್ಲಿರಬೇಕು.

ರೈಟರ್‌ಗಳ ಕಷ್ಟ ನನಗೆ ಗೊತ್ತು. ದಿನಕ್ಕೆ ಹತ್ತಾರು ಹಾಳೆ ಬರೆಯುವವರಿಗೆ ಸಿದ್ಧ ವಾಕ್ಯ ಸುಲಭ, ಅದಕ್ಕೆ ಕಲಂ ಕೂಡ ಸಲೀಸಾಗಿ ಹೊಂದುತ್ತದೆ. ಆದರೆ ಸರಿಯಾಗಿ ಬರೆಯಲು ಎರಡು ಸಾಲು ಹೆಚ್ಚು ಬೇಕು, ಅಷ್ಟೇ. ಮೊದಲು ಆಡಿದ ಮಾತನ್ನು ಆಡಿದ ಹಾಗೆಯೇ, ಕನ್ನಡ ಲಿಪಿಯಲ್ಲಿ. ಆಮೇಲೆ ಅದರ ಅರ್ಥ. ಕೊನೆಗೆ ಸಾಕ್ಷಿ ಕಂಡದ್ದು. ನಮ್ಮ ಅಜ್ಜಿಯ ಹೇಳಿಕೆ ಹೀಗಿರಬೇಕಿತ್ತು:

"ಅವನು ತೆಲುಗಿನಲ್ಲಿ 'ದೊಂಗ ನಾ ಕೊಡಕಾ, ನೀ ಅಂತು ಚೂಸ್ತಾ' ಎಂದನು. ಅಂದರೆ 'ಕಳ್ಳ ನನ್ಮಗನೇ, ನಿನ್ನ ಕೊನೆ ನೋಡುತ್ತೇನೆ'. ಆಗ ಅವನ ಕೈಯಲ್ಲಿ ಸನಿಕೆ ಇತ್ತು."

ಸನಿಕೆಯನ್ನು ಬರೆಯಿರಿ, ಎತ್ತಿದ್ದರೆ ಎತ್ತಿದ ಎಂದು ಬರೆಯಿರಿ. ಮಾತಿನ ಬಿಸಿ ಎಷ್ಟಿತ್ತು ಎಂದು ಅದೇ ಹೇಳುತ್ತದೆ. ಅದನ್ನು ಬಿಟ್ಟು ಪದವನ್ನು ಖಾರ ಮಾಡುವುದು ಸಾಕ್ಷಿಯ ಕೆಲಸವೂ ಅಲ್ಲ, ಬರೆಯುವವರ ಕೆಲಸವೂ ಅಲ್ಲ. ಅದು ಕೊಲೆ ಬೆದರಿಕೆಯೋ ಅಲ್ಲವೋ ಎಂದು ತೀರ್ಮಾನಿಸಲು ನ್ಯಾಯಾಧೀಶರು ಇದ್ದಾರೆ.

ನೀವು ದೂರು ಕೊಡುವವರಾದರೆ ಎಫ್‌ಐಆರ್‌ಗೆ ಸಹಿ ಹಾಕುವ ಮುಂಚೆ ಓದಿ ಹೇಳಿಸಿಕೊಳ್ಳುವುದು, ಪ್ರತಿ ಪಡೆಯುವುದು ನಿಮ್ಮ ಹಕ್ಕು. ಸಾಕ್ಷಿಯ ಹೇಳಿಕೆಗೆ ಸಹಿ ಹಾಕಿಸುವುದಿಲ್ಲ, ಹಾಗಾಗಿ ತಪ್ಪು ಅಲ್ಲೇ ಉಳಿದುಬಿಡುತ್ತದೆ. ಸಹಿ ಇಲ್ಲದಿದ್ದರೂ "ಸಾರ್, ಬೈದ ಮಾತು ಹೇಗೆ ಬರ್ಕೊಂಡ್ರಿ, ಒಂದ್ಸಲ ಓದಿ" ಅಂತ ಕೇಳಿ. ನಾನು ಆ ದಿನ ಕೇಳಿದೆ. ರೈಟರ್ ಸ್ವಲ್ಪ ಸಿಡುಕಿದರು. ಆಮೇಲೆ ಬೇರೆ ಹಾಳೆ ತೆಗೆದುಕೊಂಡರು.