ಲಾಭವಿದ್ದೂ ಕೈಯಲ್ಲಿ ಹಣವಿಲ್ಲವೇಕೆ? ಸಣ್ಣ ವ್ಯಾಪಾರಿಗಳಲ್ಲಿ ಒಂದು ಮನವಿ



ವರ್ಷದ ಲೆಕ್ಕದಲ್ಲಿ ಲಾಭ ಕಾಣುತ್ತದೆ, ಸಪ್ಲೈಯರ್‌ಗೆ ಚೆಕ್ ಬರೆಯುವಾಗ ಮಾತ್ರ ಖಾತೆಯಲ್ಲಿ ಹಣವಿರುವುದಿಲ್ಲ. ಸಣ್ಣ ಅಂಗಡಿಗಳ ಲೆಕ್ಕ ನೋಡುವ ನನ್ನ ಮುಂದೆ ನಿಮ್ಮಲ್ಲಿ ಅನೇಕರು ಇದನ್ನೇ ಹೇಳಿಕೊಳ್ಳುತ್ತೀರಿ. ಆಮೇಲೆ ಕೇಳುವುದು ಇನ್ನೊಂದು ಸಾಲವನ್ನು. ಆ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಮೂರು ದಿನಲೆಕ್ಕಗಳನ್ನು ಬರೆದು ನೋಡಿ ಎಂಬುದೇ ನನ್ನ ಮನವಿ.

ತಾಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಜಿಎಸ್‌ಟಿ ಬಿಟ್ಟಿದ್ದೇನೆ. ವರ್ಷದ ಮಾರಾಟ 87.60 ಲಕ್ಷ ರೂಪಾಯಿ, ಅಂದರೆ ದಿನಕ್ಕೆ 24,000. ಮಾರಿದ ಆ ಸರಕಿನ ಅಸಲು 73 ಲಕ್ಷ, ದಿನಕ್ಕೆ 20,000. ಅಂಗಡಿ, ಗೋದಾಮು ಸೇರಿ 12 ಲಕ್ಷದ ಸರಕಿದೆ. ಅದನ್ನು ದಿನದ ಅಸಲಿನಿಂದ ಭಾಗಿಸಿದರೆ 60. ಇವು ಸರಕಿನ ದಿನಗಳು. ಗಿರಾಕಿಗಳಿಂದ ಬರಬೇಕಾದ ಉದ್ರಿ 10.80 ಲಕ್ಷ. ದಿನದ ಮಾರಾಟದಿಂದ ಭಾಗಿಸಿದರೆ 45 ಉದ್ರಿ ದಿನಗಳು. ಸಪ್ಲೈಯರ್‌ಗಳಿಗೆ ಕೊಡಬೇಕಾದ ಬಾಕಿ 6 ಲಕ್ಷ. ದಿನದ ಅಸಲಿನಿಂದ ಭಾಗಿಸಿದರೆ 30 ಬಾಕಿ ದಿನಗಳು.

60ಕ್ಕೆ 45 ಕೂಡಿಸಿ 30 ಕಳೆದರೆ 75. ಸರಕಿಗೆಂದು ಕೈಬಿಟ್ಟ ರೂಪಾಯಿ ಮರಳಿ ಕೈಸೇರಲು 75 ದಿನ ಬೇಕು. ಇದೇ ನಗದಿನ ಚಕ್ರ. ಅಷ್ಟು ದಿನ ಅಂಗಡಿ ನಡೆಯಲು, ಸರಕಿಗೆ ಉದ್ರಿ ಕೂಡಿಸಿ ಬಾಕಿ ಕಳೆದರೆ ಸಿಗುವ 16.80 ಲಕ್ಷ ರೂಪಾಯಿ ಒಳಗೇ ಸಿಕ್ಕಿಕೊಂಡಿರುತ್ತದೆ. ಅದು ಶೇ. 12ರ ಬ್ಯಾಂಕ್ ಸಾಲವಾದರೆ ವರ್ಷದ ಬಡ್ಡಿಯೇ 2 ಲಕ್ಷ ದಾಟುತ್ತದೆ. ದಿನಗಳನ್ನು ಹಾಗೇ ಬಿಟ್ಟು ವ್ಯಾಪಾರ ಕಾಲುಪಾಲು ಬೆಳೆಸಿದರೆ ಇನ್ನೂ 4.20 ಲಕ್ಷ ಹೊಂದಿಸಬೇಕು. ವ್ಯಾಪಾರ ಹೆಚ್ಚಿದಂತೆ ಕೈ ಬಿಗಿಯಾಗುವುದು ಇದರಿಂದಲೇ.

ಈಗ ಉದ್ರಿಯ 45 ದಿನವನ್ನು ಒಡೆದು ನೋಡೋಣ. ಸರಾಸರಿಯೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಖಾತೆ ಪುಸ್ತಕದಲ್ಲಿ ಪ್ರತಿ ಬಾಕಿಯ ಮುಂದೆ ಬಿಲ್ಲಿನ ತಾರೀಖು ಬರೆಯಿರಿ. ನಮ್ಮ ಅಂಗಡಿಯ 10.80 ಲಕ್ಷದಲ್ಲಿ 7 ಲಕ್ಷ ತಿಂಗಳೊಳಗಿನದು. ಉಳಿದ 3.80 ಲಕ್ಷ ಮೂರು ತಿಂಗಳು ದಾಟಿದ್ದು, ಅದೂ ಇಬ್ಬರು ಕಂಟ್ರಾಕ್ಟರ್‌ಗಳ ಹೆಸರಿನಲ್ಲಿ. ಅದಷ್ಟೇ ವಸೂಲಾದರೆ ಉದ್ರಿ ದಿನಗಳು 29ಕ್ಕೆ ಇಳಿಯುತ್ತವೆ, ಚಕ್ರ 59ಕ್ಕೆ ಬರುತ್ತದೆ. ಎಲ್ಲ ಗಿರಾಕಿಗಳ ಮೇಲೂ ಮುನಿಸಿಕೊಳ್ಳಬೇಕಿಲ್ಲ. ಆ ಇಬ್ಬರ ಬಳಿ ಕುಳಿತು ಕಂತು ಗೊತ್ತುಮಾಡಿ. ಹಳೆಯದು ತೀರುವವರೆಗೆ ಹೊಸ ಸರಕನ್ನು ನಗದಿಗೆ ಮಾತ್ರ ಕೊಡಿ. ಉದ್ರಿ ಬಿಲ್ಲಿನ ಜಿಎಸ್‌ಟಿಯನ್ನು ನೀವು ಆಗಲೇ ಕಟ್ಟಿದ್ದೀರಿ ಎಂಬುದೂ ನೆನಪಿರಲಿ. ಗಿರಾಕಿ ಹಣ ಕೊಡುವವರೆಗೆ ತೆರಿಗೆ ಕಾಯುವುದಿಲ್ಲ.

ಸರಕಿಗೂ ಇದೇ ಪರೀಕ್ಷೆ. ಸಿಮೆಂಟು ವಾರದಲ್ಲಿ ಖಾಲಿಯಾಗುತ್ತದೆ. ಯಾರೂ ಕೇಳದ ಬಣ್ಣದ ಡಬ್ಬಿ, ಅಳತೆ ಕೂಡದ ಫಿಟಿಂಗ್ ವರ್ಷಗಟ್ಟಲೆ ಕೂರುತ್ತವೆ. ಆರು ತಿಂಗಳಿಂದ ಕದಲದ ಸರಕನ್ನು ಅಸಲಿಗಿಂತ ಕಡಿಮೆಗಾದರೂ ಮಾರಿ ಹಣ ಬಿಡಿಸಿಕೊಳ್ಳಿ.

ಸಪ್ಲೈಯರ್‌ಗೆ ತಡಮಾಡುವುದು ಎಲ್ಲಕ್ಕಿಂತ ಸುಲಭದ ದಾರಿಯಂತೆ ಕಾಣುತ್ತದೆ. ದಯವಿಟ್ಟು ಅದರ ಬೆಲೆ ನೋಡಿ. 10 ದಿನದೊಳಗೆ ಕೊಟ್ಟರೆ ಶೇ. 2 ಕ್ಯಾಶ್ ಡಿಸ್ಕೌಂಟ್ ಇದೆ ಎನ್ನೋಣ. 6 ಲಕ್ಷದ ಖರೀದಿಯನ್ನು 30ನೇ ದಿನಕ್ಕೆ ಪಾವತಿಸಿದರೆ 12,000 ರೂಪಾಯಿ ಕಳೆದುಕೊಳ್ಳುತ್ತೀರಿ. ಅದೇ ಹಣವನ್ನು ಶೇ. 12ರಂತೆ 20 ದಿನಕ್ಕೆ ಬ್ಯಾಂಕಿನಿಂದ ತಂದರೆ ಬಡ್ಡಿ ಸುಮಾರು 4,000 ಮಾತ್ರ.

ಕಾನೂನನ್ನೂ ಗಮನಿಸಿ. ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಂದ ಕೊಂಡರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಅದು ಖರ್ಚಾಗಿ ಸಲ್ಲುವುದಿಲ್ಲ, ಹಣ ಕೊಟ್ಟ ವರ್ಷದಲ್ಲಷ್ಟೇ ಸಲ್ಲುತ್ತದೆ. ಆದರೆ ಬರೀ ವ್ಯಾಪಾರ ಮಾಡುವ ನಿಮ್ಮ ಉದ್ಯಮ್ ನೋಂದಣಿ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ನಿಮಗೆ ಬರಬೇಕಾದ ಉದ್ರಿಗೆ ಈ ರಕ್ಷಣೆಯಿಲ್ಲ. ಆದ್ದರಿಂದ ಉದ್ರಿಯನ್ನು ಕೊಡುವ ಹೊತ್ತಿನಲ್ಲೇ ಗಡುವು ಬರೆದು ಗಿರಾಕಿಯ ಸಹಿ ಪಡೆಯಿರಿ.

ಪ್ರತಿ ತಿಂಗಳು ಒಂದನೇ ತಾರೀಖು ಈ ಮೂರು ದಿನಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಬ್ಬ ಅಥವಾ ಕಟ್ಟಡ ಕೆಲಸದ ಹಂಗಾಮಿನಲ್ಲಿ ಸರಕು ಏರುವುದು ಸಹಜ, ಆದ್ದರಿಂದ ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಚಕ್ರ ಉದ್ದವಾಗಿದ್ದರೆ ಯಾವ ಬಿಲ್ಲು, ಯಾವ ಸರಕು ಕಾರಣವೆಂದು ಮೊದಲು ಹುಡುಕಿ. ಅದನ್ನು ಬಿಡಿಸಿಕೊಂಡ ಮೇಲೂ ಹಣ ಸಾಲದಿದ್ದರೆ ಬ್ಯಾಂಕಿಗೆ ಹೋಗಿ. ಆಗ ಎಷ್ಟು ಸಾಲ ಬೇಕು, ಎಷ್ಟು ದಿನಕ್ಕೆ ಬೇಕು ಎಂಬುದನ್ನು ಮ್ಯಾನೇಜರಿಗೆ ನೀವೇ ಲೆಕ್ಕ ಸಮೇತ ಹೇಳಬಲ್ಲಿರಿ.